ಉಳ್ಳಾಗಡ್ಡಿಗೆ ಹುಳದ ಎಣ್ಣೆಯೋ, ರೋಗದ್ದೋ, ಕಸದ್ದೋ? ಅಂಗಡಿಯಲ್ಲಿ ಗುರುತು ಹಿಡಿಯುವುದು ಹೇಗೆ

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಬೀಳಗಿ ತಾಲೂಕು. ಎರಡು ಎಕರೆ ಉಳ್ಳಾಗಡ್ಡಿ ಹಚ್ಚಿ ಐವತ್ತು ದಿನ ಆಗೇತಿ. ಎಲಿ ಬೆಳ್ಳಗಾಗಿ ತುದಿ ಒಣಗಾಕತ್ತಾವ. ಎಂಟು ದಿನದಿಂದ ಕೆಳಗಿನ ಎಲಿ ಮ್ಯಾಲ ನೇರಳೆ ಕಲೆನೂ ಬಂದಾವ. ನಡುವೆ ಕಸಾನೂ ಎದ್ದೈತಿ. ಅಂಗಡಿಯವರು ಕೊಟ್ಟ ಎಣ್ಣಿ ಎರಡು ಸಲ ಹೊಡದೀವಿ, ಬಾಟ್ಲಿ ಬ್ಯಾರೆ ಬ್ಯಾರೆ, ಗುಣ ಕಂಡಿಲ್ಲ. ಬಾಟ್ಲಿ ಫೋಟೋ ಕಳಿಸೀನಿ. ಹುಳದ್ದು ಯಾವುದು, ರೋಗದ್ದು ಯಾವುದು, ಕಸದ್ದು ಯಾವುದು ಅಂತ ನಾವೇ ಹೆಂಗ ಗುರುತು ಹಿಡೀಬೇಕು?

ಉತ್ತರ: ಫೋಟೋ ಕಳಿಸಿದ್ದು ಒಳ್ಳೆಯದಾಯಿತು, ಅರ್ಧ ಉತ್ತರ ಅದರಲ್ಲೇ ಇದೆ. ಮೊದಲ ಬಾಟಲಿಯ ಮೇಲೆ ಸಣ್ಣ ಅಕ್ಷರದಲ್ಲಿ ಲ್ಯಾಂಬ್ಡಾ ಸೈಹಲೋಥ್ರಿನ್ 5% ಇ.ಸಿ. ಎಂದಿದೆ. ಎರಡನೆಯದರ ಮೇಲೆ ಸೈಪರ್‌ಮೆಥ್ರಿನ್ ಎಂದಿದೆ. ಕಂಪನಿ ಬೇರೆ, ಬಣ್ಣ ಬೇರೆ, ಹೆಸರು ಬೇರೆ. ಆದರೆ ಎರಡೂ ಹುಳದ ಎಣ್ಣೆಗಳೇ, ಅದರಲ್ಲೂ ಒಂದೇ ಮನೆತನದವು. ಅಂದರೆ ನೇರಳೆ ಕಲೆಗೆ ನೀವು ಇನ್ನೂ ಏನನ್ನೂ ಹೊಡೆದೇ ಇಲ್ಲ. ಹುಳಕ್ಕೆ ಹೊಡೆದಿದ್ದೀರಿ, ಆದರೆ ಎರಡು ಸಲವೂ ಒಂದೇ ಬಗೆಯದನ್ನು ಹೊಡೆದಿದ್ದೀರಿ.

ಅಂಗಡಿಯ ಮಾತಿಗೆ ಬರುವ ಮುಂಚೆ ಹೊಲಕ್ಕೆ ಹೋಗೋಣ. ಗಿಡಕ್ಕೆ ಆಗಿರುವುದು ಏನು ಅಂತ ಗೊತ್ತಿಲ್ಲದೆ ಅಂಗಡಿಗೆ ಹೋದರೆ, ಅಂಗಡಿಯವರು ಕೊಟ್ಟಿದ್ದನ್ನು ತರುವುದು ಬಿಟ್ಟು ಬೇರೆ ದಾರಿ ಇರುವುದಿಲ್ಲ.

ಬೆಳಿಗ್ಗೆ ಹೊತ್ತು ಒಂದು ಗಿಡ ಕಿತ್ತು ಕೈಯಲ್ಲಿ ಹಿಡಿಯಿರಿ. ನಡುವಿನ ಎರಡು ಎಳೆ ಎಲೆಗಳನ್ನು ಮೆಲ್ಲಗೆ ಬೇರೆ ಮಾಡಿ, ಅವು ಕೂಡುವ ಬುಡದ ಸಂದಿಯನ್ನು ನೋಡಿ. ಅಲ್ಲಿ ಹಳದಿ ಬಣ್ಣದ, ಎಳ್ಳಿಗಿಂತ ಸಣ್ಣ, ಉದ್ದನೆಯ ಹುಳುಗಳು ಸರಿದಾಡುತ್ತಿದ್ದರೆ ಅವೇ ಥ್ರಿಪ್ಸ್, ನಮ್ಮ ಕಡೆ ನುಸಿ ಅನ್ನುತ್ತಾರೆ. ಕಣ್ಣಿಗೆ ಸರಿಯಾಗಿ ಕಾಣದಿದ್ದರೆ ಗಿಡವನ್ನು ಒಂದು ಬಿಳಿ ಹಾಳೆಯ ಮೇಲೆ ನಾಲ್ಕೈದು ಸಲ ಜಾಡಿಸಿ. ಉದುರಿದ ಧೂಳಿನಲ್ಲಿ ಓಡಾಡುವುದು ಯಾವುದು ಅಂತ ತಾನೇ ತಿಳಿಯುತ್ತದೆ. ಈ ನುಸಿ ಎಲೆಯ ಮೇಲ್ಪದರವನ್ನು ಕೆರೆದು ರಸ ಹೀರುತ್ತದೆ. ಕೆರೆದ ಜಾಗದಲ್ಲಿ ಬೆಳ್ಳಿ ಬಣ್ಣದ ಗೀರುಗಳು ಬೀಳುತ್ತವೆ. ಗೀರುಗಳು ಕೂಡಿಕೊಂಡು ಎಲೆ ಬೆಳ್ಳಗಾಗುತ್ತದೆ, ಆಮೇಲೆ ತುದಿ ಸುರುಟಿ ಒಣಗುತ್ತದೆ. ಹೊಲದ ಬೇರೆ ಬೇರೆ ಕಡೆ ಹತ್ತಿಪ್ಪತ್ತು ಗಿಡ ನೋಡಿ. ಗಿಡಕ್ಕೆ ಸರಾಸರಿ 30 ನುಸಿ ದಾಟಿದರೆ ಎಣ್ಣೆ ಹೊಡೆಯಲೇಬೇಕು. ಐದಾರು ಇದ್ದರೆ ಅವಸರ ಬೇಡ.

ಈಗ ಅದೇ ಗಿಡದ ಕೆಳಗಿನ ಹಳೆ ಎಲೆ ನೋಡಿ. ನೇರಳೆ ಮಚ್ಚೆ ರೋಗವಾದರೆ ಕಲೆ ಮೊದಲು ಸಣ್ಣ ಬಿಳಿ ಚುಕ್ಕೆಯಾಗಿ, ಸ್ವಲ್ಪ ತಗ್ಗಾಗಿ ಇರುತ್ತದೆ. ಆಮೇಲೆ ಉದ್ದಕ್ಕೆ ಹಿಗ್ಗಿ ನಡುವೆ ನೇರಳೆ, ಸುತ್ತ ಹಳದಿ ಅಂಚು ಬರುತ್ತದೆ. ಹವೆಯಲ್ಲಿ ತೇವ ಇದ್ದರೆ ಕಲೆಯ ಮೇಲೆ ಕಪ್ಪಗಿನ ಉಂಗುರಗಳೂ ಕಾಣುತ್ತವೆ. ಆ ಉಂಗುರವೇ ಬೂಷ್ಟಿನ ಬೀಜ, ಗಾಳಿಗೆ ಹಾರಿ ಪಕ್ಕದ ಗಿಡಕ್ಕೆ ಹೋಗುತ್ತದೆ. ಕಲೆ ಎಲೆಯನ್ನು ಸುತ್ತುವರಿದರೆ ಎಲೆ ಅಲ್ಲೇ ಬಾಗಿ ಮುರಿಯುತ್ತದೆ. ನುಸಿಯ ಗೀರಿಗೂ ಇದಕ್ಕೂ ವ್ಯತ್ಯಾಸ ಸುಲಭ. ಗೀರು ಎಲೆಯುದ್ದಕ್ಕೂ ಹರಡಿರುತ್ತದೆ, ಅದಕ್ಕೆ ಅಂಚು ಇರುವುದಿಲ್ಲ. ಕಲೆಗೆ ಅಂಚು ಇರುತ್ತದೆ.

ಹವೆಯೂ ಸುಳಿವು ಕೊಡುತ್ತದೆ. ಮಳೆ ಕೈಕೊಟ್ಟು ಬಿಸಿಲು ಬಿದ್ದರೆ ನುಸಿ ಜಾಸ್ತಿ, ಜೋರು ಮಳೆ ಬಂದರೆ ತೊಳೆದುಹೋಗುತ್ತದೆ. ಮೋಡ, ಜಿಟಿಜಿಟಿ ಮಳೆ, ಬೆಳಗಿನ ಮಂಜು ಇದ್ದರೆ ಬೂಷ್ಟು ರೋಗ ಜಾಸ್ತಿ. ನಿಮ್ಮಲ್ಲಿ ಎರಡೂ ಕೂಡಿ ಬಂದಿರುವುದಕ್ಕೆ ಕಾರಣವಿದೆ. ನುಸಿ ಕೆರೆದ ಗಾಯದಿಂದ ಬೂಷ್ಟು ಎಲೆಯೊಳಗೆ ಸಲೀಸಾಗಿ ಹೋಗುತ್ತದೆ. ಹೀಗಾಗಿ ನುಸಿ ಬಿದ್ದ ಹೊಲದಲ್ಲೇ ನೇರಳೆ ಮಚ್ಚೆಯ ಕಾಟವೂ ಹೆಚ್ಚು. ಮೊದಲು ಎಲೆ ಬೆಳ್ಳಗಾಯಿತು, ಆಮೇಲೆ ಕಲೆ ಬಂತು ಅಂತ ನೀವೇ ಬರೆದಿದ್ದೀರಲ್ಲ, ಅದು ಇದೇ ಕ್ರಮ.

ಒಂದು ಮಾತು ನಡುವೆ ಹೇಳಿಬಿಡುತ್ತೇನೆ. ನುಸಿಯೂ ಇಲ್ಲ, ಅಂಚಿರುವ ಕಲೆಯೂ ಇಲ್ಲ, ಬರೀ ತುದಿ ಒಣಗುತ್ತಿದೆ ಅಂದರೆ ಯಾವ ಎಣ್ಣೆಯೂ ಬೇಡ. ಕಾಲುವೆ ನೀರಿನ ಸವಳು ಭೂಮಿಯಲ್ಲಿ ಹೀಗಾಗುವುದುಂಟು, ನೀರು ತಡವಾದರೂ ಆಗುತ್ತದೆ. ಅಂಥ ಕಡೆ ಮಣ್ಣು ನೀರು ನೋಡಬೇಕೇ ಹೊರತು ಬಾಟಲಿ ಅಲ್ಲ.

ಇನ್ನು ಅಂಗಡಿಗೆ ಬನ್ನಿ. ಬಾಟಲಿಯ ಮೇಲೆ ದೊಡ್ಡ ಅಕ್ಷರದಲ್ಲಿರುವುದು ಕಂಪನಿ ಇಟ್ಟ ಹೆಸರು. ಹುಲಿ, ಬಾಣ, ಸುಲ್ತಾನ, ಏನು ಬೇಕಾದರೂ ಇಟ್ಟಿರುತ್ತಾರೆ. ಅದರಿಂದ ನಮಗೆ ಏನೂ ತಿಳಿಯುವುದಿಲ್ಲ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ಶೇಕಡಾ ಗುರುತಿನ ಜೊತೆ ಇರುವುದೇ ಒಳಗಿನ ಔಷಧದ ಹೆಸರು. ನೀವು ಓದಬೇಕಾದ್ದು ಅದನ್ನು. ಓದಲು ಕಷ್ಟವಾದರೆ "ಇದರ ಟೆಕ್ನಿಕಲ್ ಏನ್ರೀ?" ಅಂತ ಕೇಳಿ. ಅಂಗಡಿಯವರು ಆ ಮಾತನ್ನೇ ಬಳಸುತ್ತಾರೆ.

ಈ ಹೆಸರುಗಳ ಬಾಲ ಹಿಡಿದರೆ ಬಹಳಷ್ಟು ಗೊತ್ತಾಗುತ್ತದೆ. ಥ್ರಿನ್ ಅಂತ ಮುಗಿದರೆ ಹುಳದ್ದು: ಸೈಪರ್‌ಮೆಥ್ರಿನ್, ಲ್ಯಾಂಬ್ಡಾ ಸೈಹಲೋಥ್ರಿನ್, ಡೆಲ್ಟಾಮೆಥ್ರಿನ್. ಪ್ರಿಡ್ ಅಂತ ಮುಗಿದರೂ ಹುಳದ್ದೇ: ಇಮಿಡಾಕ್ಲೋಪ್ರಿಡ್, ಅಸೆಟಾಮಿಪ್ರಿಡ್. ಕೊನಜೋಲ್ ಅಂತ ಮುಗಿದರೆ ಬೂಷ್ಟು ರೋಗದ್ದು: ಟೆಬುಕೊನಜೋಲ್, ಹೆಕ್ಸಾಕೊನಜೋಲ್, ಡೈಫೆನೊಕೊನಜೋಲ್. ಸ್ಟ್ರೋಬಿನ್ ಅಂತ ಮುಗಿದರೂ ರೋಗದ್ದು, ಅಜಾಕ್ಸಿಸ್ಟ್ರೋಬಿನ್ ಹಾಗೆ. ಫಾಪ್ ಅಂತ ಮುಗಿದರೆ ಹುಲ್ಲು ಜಾತಿಯ ಕಸದ್ದು: ಕ್ವಿಜಾಲೋಫಾಪ್, ಪ್ರೊಪಾಕ್ವಿಜಾಫಾಪ್. ಸಲ್ಫ್ಯೂರಾನ್ ಬಂದರೂ ಸಾಮಾನ್ಯವಾಗಿ ಕಸದ್ದೇ. ಬಾಲವಿಲ್ಲದ ಕೆಲವು ಹೆಸರುಗಳನ್ನು ನೆನಪಿಟ್ಟುಕೊಳ್ಳಲೇಬೇಕು. ಮ್ಯಾಂಕೊಜೆಬ್, ಕಾರ್ಬೆಂಡಜಿಮ್, ಕಾಪರ್ ಆಕ್ಸಿಕ್ಲೋರೈಡ್ ರೋಗದವು. ಪೆಂಡಿಮೆಥಾಲಿನ್, ಆಕ್ಸಿಫ್ಲೋರ್ಫೆನ್, ಗ್ಲೈಫೋಸೇಟ್, 2,4-ಡಿ ಕಸದವು. ಫಿಪ್ರೋನಿಲ್ ಹುಳದ್ದು.

ಹೆಸರಿನ ತಲೆಯನ್ನು ಮಾತ್ರ ನಂಬಬೇಡಿ. ಪ್ರೊಫೆನೊಫಾಸ್ ಹುಳದ್ದು, ಪ್ರೊಪಿಕೊನಜೋಲ್ ರೋಗದ್ದು, ಪ್ರೊಪಾಕ್ವಿಜಾಫಾಪ್ ಕಸದ್ದು. ಮೂರೂ "ಪ್ರೊ" ಅಂತಲೇ ಶುರು. ಫೋನಿನಲ್ಲಿ ಅರ್ಧ ಕೇಳಿಸಿಕೊಂಡು "ಆ ಪ್ರೊ ಏನೋ ಕೊಡ್ರಿ" ಅಂದರೆ ಯಾವುದು ಬೇಕಾದರೂ ಕೈಗೆ ಬರಬಹುದು. ಹೆಸರನ್ನು ಚೀಟಿಯ ಮೇಲೆ ಬರೆಸಿಕೊಂಡು, ಇಲ್ಲವೇ ವಾಟ್ಸಾಪ್‌ನಲ್ಲಿ ತರಿಸಿಕೊಂಡು ಹೋಗಿ. ಬಾಟಲಿಯ ಮೇಲಿನ ಅಕ್ಷರಕ್ಕೆ ಅಕ್ಷರ ಹೋಲಿಸಿ.

ಈಗ ಬಹಳ ಜನ ಮೋಸ ಹೋಗುವ ಜಾಗ. ಬಾಟಲಿಯ ಮೇಲೆ ಮೂಲೆ ಮೇಲಾಗಿ ನಿಲ್ಲಿಸಿದ ಚೌಕದ ಗುರುತು ಇರುತ್ತದೆ. ಅದರ ಕೆಳಗಿನ ಅರ್ಧ ಕೆಂಪು, ಹಳದಿ, ನೀಲಿ ಅಥವಾ ಹಸಿರು. ಕೆಂಪು ಅಂದರೆ ಹುಳಕ್ಕೆ, ಹಸಿರು ಅಂದರೆ ಬೆಳೆಗೆ ಒಳ್ಳೆಯದು ಅಂತ ತಿಳಿದವರಿದ್ದಾರೆ. ಆ ಬಣ್ಣ ಹೇಳುವುದು ಮನುಷ್ಯರಿಗೂ ದನಕರುಗಳಿಗೂ ಎಷ್ಟು ವಿಷ ಅನ್ನುವುದನ್ನು ಮಾತ್ರ. ಕೆಂಪು ಎಲ್ಲಕ್ಕಿಂತ ಜಾಸ್ತಿ ವಿಷ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಹಸಿರು ಗುರುತಿನ ಕಳೆನಾಶಕವನ್ನು ತಪ್ಪಿ ಹೊಡೆದರೆ ಬೆಳೆ ಸುಟ್ಟೇ ಹೋಗುತ್ತದೆ. ಇ.ಸಿ., ಎಸ್.ಸಿ., ಡಬ್ಲ್ಯೂ.ಪಿ. ಅನ್ನುವ ಅಕ್ಷರಗಳೂ ಹಾಗೆಯೇ. ಅವು ಎಣ್ಣೆಯೋ ಪುಡಿಯೋ ಅಂತ ಹೇಳುತ್ತವೆ, ಅಷ್ಟೆ. ಇ.ಸಿ. ಮೂರು ಬಗೆಯಲ್ಲೂ ಸಿಗುತ್ತದೆ.

ಇನ್ನೊಂದು ಗೊಂದಲ. ಅಂಗಡಿ ಬೋರ್ಡಿನ ಮೇಲೆ, ಲೈಸೆನ್ಸ್ ಮೇಲೆ ಎಲ್ಲದಕ್ಕೂ "ಕೀಟನಾಶಕ" ಅಂತಲೇ ಇರುವುದುಂಟು. ನಮ್ಮ ದೇಶದ ಕಾನೂನೇ 1968ರ ಕೀಟನಾಶಕ ಕಾಯ್ದೆ. ಶಿಲೀಂಧ್ರನಾಶಕ, ಕಳೆನಾಶಕ ಎರಡೂ ಅದರ ಅಡಿಯಲ್ಲೇ ಬರುತ್ತವೆ. ಹಾಗಾಗಿ ಆ ಪದ ನೋಡಿ ಹುಳದ್ದೇ ಅಂತ ತೀರ್ಮಾನಿಸಬೇಡಿ.

ಎರಡು ಹೆಸರಿನ ನಡುವೆ ಕೂಡಿಸುವ ಗುರುತು ಇದ್ದರೆ ಹುಳಕ್ಕೂ ರೋಗಕ್ಕೂ ಒಂದೇ ಬಾಟಲಿ ಸಾಕು ಅಂತ ಅನಿಸುತ್ತದೆ, ಅಲ್ವಾ? ಹೆಚ್ಚಿನ ಸಲ ಹಾಗಿರುವುದಿಲ್ಲ. ಪ್ರೊಫೆನೊಫಾಸ್ 40% ಜೊತೆ ಸೈಪರ್‌ಮೆಥ್ರಿನ್ 4% ಇರುವುದು ಪೂರ್ತಿ ಹುಳದ್ದು. ಕಾರ್ಬೆಂಡಜಿಮ್ 12% ಜೊತೆ ಮ್ಯಾಂಕೊಜೆಬ್ 63% ಇರುವ ಪುಡಿ ಪೂರ್ತಿ ರೋಗದ್ದು. ಎರಡೂ ಹೆಸರುಗಳ ಬಾಲವನ್ನು ಬೇರೆ ಬೇರೆಯಾಗಿ ನೋಡಿ.

ಒಂದರ ಬದಲು ಇನ್ನೊಂದು ಹೊಡೆದರೆ ಸ್ವಲ್ಪವಾದರೂ ಕೆಲಸ ಆಗುವುದಿಲ್ಲವೇ ಅಂತ ಕೇಳುವವರಿದ್ದಾರೆ. ಆಗುವುದಿಲ್ಲ. ಸೈಪರ್‌ಮೆಥ್ರಿನ್ ಹುಳದ ನರವನ್ನು ಕೆಡಿಸುತ್ತದೆ. ಬೂಷ್ಟಿಗೆ ನರವೇ ಇಲ್ಲ. ಟೆಬುಕೊನಜೋಲ್ ಬೂಷ್ಟು ತನ್ನ ಜೀವಕೋಶದ ಪೊರೆಗೆ ಮಾಡಿಕೊಳ್ಳುವ ಒಂದು ಕೊಬ್ಬಿನ ವಸ್ತುವನ್ನು ತಡೆಯುತ್ತದೆ. ನುಸಿ ಅದನ್ನು ಮಾಡಿಕೊಳ್ಳುವುದೇ ಇಲ್ಲ. ಹಾಗಾಗಿ ತಪ್ಪು ಔಷಧವನ್ನು ಎರಡು ಪಟ್ಟು ಹಾಕಿದರೂ ಗುಣ ಸೊನ್ನೆಯೇ. ದಾಳಿಂಬೆಗೆ ಬರುವ ದುಂಡಾಣು ಅಂಗಮಾರಿ ಇನ್ನೂ ಬೇರೆ. ಅದು ಹುಳವೂ ಅಲ್ಲ, ಬೂಷ್ಟೂ ಅಲ್ಲ. ಮ್ಯಾಂಕೊಜೆಬ್ ಹೊಡೆದು ಹೊಡೆದು ಸುಸ್ತಾದವರನ್ನು ಬಾಗಲಕೋಟೆ, ವಿಜಯಪುರ ಎರಡೂ ಕಡೆ ನೋಡಬಹುದು.

ಸರಿ, ನಿಮ್ಮ ಎರಡು ಎಕರೆಗೆ ಏನು ತರಬೇಕು? ಒಂದು ಹುಳದ್ದು, ಒಂದು ರೋಗದ್ದು, ಜೊತೆಗೆ ಅಂಟು. ಮೂರೇ ಸಾಕು.

ಹುಳದ್ದರಲ್ಲಿ ಈ ಸಲ ಥ್ರಿನ್ ಬೇಡ. ಎರಡು ಸಲ ಒಂದೇ ಮನೆತನದ್ದು ಹೊಡೆದಿದ್ದೀರಿ, ಉಳಿದಿರುವ ನುಸಿಗೆ ಅದು ರೂಢಿಯಾಗಿರುವ ಸಂಭವ ಹೆಚ್ಚು. ಫಿಪ್ರೋನಿಲ್ 80% ಡಬ್ಲ್ಯೂ.ಜಿ. ಕೇಳಿ, ಅದು ಬೇರೆ ಗುಂಪು. ಡಬ್ಬಿಯ ಜೊತೆ ಬರುವ ಮಡಚಿದ ಕಾಗದವನ್ನು ಅಂಗಡಿಯಲ್ಲೇ ಬಿಚ್ಚಿ. ಅದರಲ್ಲಿ ಬೆಳೆ, ಹುಳ, ಪ್ರಮಾಣ, ಕೊಯ್ಲಿಗೆ ಎಷ್ಟು ದಿನ ಮುಂಚೆ ನಿಲ್ಲಿಸಬೇಕು ಅನ್ನುವ ಪಟ್ಟಿ ಇರುತ್ತದೆ. ಉಳ್ಳಾಗಡ್ಡಿ, ಥ್ರಿಪ್ಸ್ ಎರಡೂ ಆ ಪಟ್ಟಿಯಲ್ಲಿದ್ದರೆ ಮಾತ್ರ ತೆಗೆದುಕೊಳ್ಳಿ. ಪ್ರಮಾಣವನ್ನೂ ಅದರಂತೆಯೇ ಹಾಕಿ.

ರೋಗದ್ದರಲ್ಲಿ ಕಲೆ ಎಷ್ಟಿದೆ ಅನ್ನುವುದರ ಮೇಲೆ ಆಯ್ಕೆ. ಮ್ಯಾಂಕೊಜೆಬ್ 75% ಡಬ್ಲ್ಯೂ.ಪಿ. ಹಳದಿ ಪುಡಿ. ಎಲೆಯ ಮೇಲೆ ಪದರವಾಗಿ ನಿಂತು ಹೊಸ ಬೂಷ್ಟು ಒಳಗೆ ಬರದಂತೆ ತಡೆಯುತ್ತದೆ. ಒಳಗೆ ಹೋದ ಬೂಷ್ಟಿಗೆ ಅದು ತಲುಪುವುದಿಲ್ಲ. ಕಲೆ ಇನ್ನೂ ಅಲ್ಲೊಂದು ಇಲ್ಲೊಂದು ಇದ್ದರೆ ಲೀಟರಿಗೆ 2.5 ಗ್ರಾಂ ಸಾಕು. ನಿಮ್ಮಲ್ಲಿ ಎಂಟು ದಿನದಿಂದ ಹರಡುತ್ತಿದೆ ಅಂದಿದ್ದೀರಿ. ಹಾಗಾದರೆ ಎಲೆಯೊಳಗೆ ಹೋಗುವ ಟೆಬುಕೊನಜೋಲ್ 25.9% ಇ.ಸಿ. ಮೊದಲು ಹೊಡೆಯುವುದು ಒಳ್ಳೆಯದು. ಎಕರೆಗೆ 250 ಮಿ.ಲೀ. ಅಂತ ಇಟ್ಟುಕೊಳ್ಳಿ. ಎಕರೆಗೆ 200 ಲೀಟರ್ ನೀರು ಹಿಡಿದರೆ ಲೀಟರಿಗೆ 1.25 ಮಿ.ಲೀ., 16 ಲೀಟರಿನ ಪಂಪಿಗೆ 20 ಮಿ.ಲೀ. ಆಗುತ್ತದೆ. ಎಕರೆಗೆ ಹನ್ನೆರಡೂವರೆ ಪಂಪು. ಲೆಕ್ಕ ಇಷ್ಟೇ, ಆದರೆ ಒಂದು ಕಡೆ ತಪ್ಪುತ್ತದೆ. ಎಂಟೇ ಪಂಪಿನಲ್ಲಿ ಎಕರೆ ಮುಗಿಸಿದರೆ ಹೊಲಕ್ಕೆ ಬೀಳುವುದು 160 ಮಿ.ಲೀ. ಮಾತ್ರ. ಮುಚ್ಚಳದಲ್ಲಿ ಅಂದಾಜು ಹಾಕದೆ ಅಳತೆ ಕಪ್ಪು ಬಳಸಿ.

ಅಂಟು ಯಾಕೆ ಅಂದರೆ, ಉಳ್ಳಾಗಡ್ಡಿ ಎಲೆ ನೆಟ್ಟಗೆ ನಿಂತಿರುತ್ತದೆ, ಮೇಲೆ ಮೇಣದ ಪದರ ಇರುತ್ತದೆ. ನೀರಿನ ಹನಿ ಜಾರಿ ನೆಲಕ್ಕೆ ಹೋಗುತ್ತದೆ. ಲೀಟರಿಗೆ ಅರ್ಧ ಮಿ.ಲೀ. ಸ್ಟಿಕ್ಕರ್ ಹಾಕಿದರೆ ಹನಿ ಹರಡಿ ನಿಲ್ಲುತ್ತದೆ. ನುಸಿ ಸಂದಿಯಲ್ಲಿ ಅಡಗಿರುವುದರಿಂದ ನಾಜಲ್ ಅನ್ನು ಗಿಡದ ನಡುವಿಗೆ ಹಿಡಿಯಬೇಕು, ಸುಮ್ನೆ ಮೇಲೆ ಬೀಸಿಕೊಂಡು ಹೋದರೆ ತಲುಪುವುದಿಲ್ಲ.

ಹುಳದ್ದನ್ನೂ ರೋಗದ್ದನ್ನೂ ಒಂದೇ ಪಂಪಿನಲ್ಲಿ ಕೂಡಿಸಬಹುದೇ ಅಂತ ಕಾಗದದಲ್ಲಿ ನೋಡಿ. ಬೇಡ ಅಂತ ಬರೆದಿರದಿದ್ದರೆ ಮೊದಲು ಒಂದು ಗಾಜಿನ ಬಾಟಲಿಯಲ್ಲಿ ಅದೇ ಪ್ರಮಾಣದಲ್ಲಿ ಸ್ವಲ್ಪ ಕಲಸಿ ಅರ್ಧ ಗಂಟೆ ಬಿಡಿ. ಮೊಸರಿನಂತೆ ಒಡೆದರೆ, ತಳಕ್ಕೆ ಗಟ್ಟಿಯಾಗಿ ಕೂತರೆ, ಕೈಗೆ ಬಿಸಿ ತಾಗಿದರೆ ಬೇರೆ ಬೇರೆ ದಿನ ಹೊಡೆಯಿರಿ.

ಅಂಗಡಿಯವರು ಇದರ ಜೊತೆ ಒಂದು ಟಾನಿಕ್ ಬಾಟಲಿಯನ್ನೂ ಕೌಂಟರಿನ ಮೇಲೆ ಇಡಬಹುದು. ತಿರುಗಿಸಿ ನೋಡಿ. ಬಣ್ಣದ ಚೌಕವಾಗಲಿ, ಕೀಟನಾಶಕದ ನೋಂದಣಿ ಸಂಖ್ಯೆಯಾಗಲಿ ಇಲ್ಲದಿದ್ದರೆ ಅದು ಹುಳ, ರೋಗ, ಕಸ ಯಾವುದಕ್ಕೂ ನೋಂದಣಿ ಆದದ್ದಲ್ಲ. ನಿಮ್ಮ ಈಗಿನ ತೊಂದರೆಗೆ ಅದರಿಂದ ಉಪಯೋಗವಿಲ್ಲ. ತೆಗೆದುಕೊಂಡ ಎರಡಕ್ಕೂ ಟೆಕ್ನಿಕಲ್ ಹೆಸರು, ಬ್ಯಾಚ್ ನಂಬರ್ ಬರೆದ ಬಿಲ್ ಕೇಳಿ. ಕೊನೆಯ ದಿನಾಂಕ ಮೀರಿದೆಯೇ ನೋಡಿ. ಮುಂದೆ ಮಾಲು ನಕಲಿ ಅನಿಸಿದರೆ ರೈತ ಸಂಪರ್ಕ ಕೇಂದ್ರದಲ್ಲಿ ದೂರು ಕೊಡಲು ಆ ಬಿಲ್ಲೇ ಬೇಕು.

ಕಸದ ವಿಷಯಕ್ಕೆ ಬಂದರೆ, ನನ್ನ ಅಭಿಪ್ರಾಯದಲ್ಲಿ ಈಗ ಕಳೆನಾಶಕ ಬೇಡ, ಆಳು ಹಚ್ಚಿ ಕೈಯಿಂದ ತೆಗೆಸಿ. ಪೆಂಡಿಮೆಥಾಲಿನ್ ಕಾಲ ಮುಗಿದುಹೋಗಿದೆ. ಅದನ್ನು ಸಸಿ ಹಚ್ಚಿದ ಮೂರು ದಿನದೊಳಗೆ, ಹಸಿ ನೆಲದ ಮೇಲೆ ಹೊಡೆಯಬೇಕಿತ್ತು. ಅದು ಮೊಳಕೆಯನ್ನು ತಡೆಯುತ್ತದೆ, ಎದ್ದು ನಿಂತ ಕಸವನ್ನು ಕೊಲ್ಲುವುದಿಲ್ಲ. ಆಕ್ಸಿಫ್ಲೋರ್ಫೆನ್ ಎಲೆಗೆ ತಾಗಿದ ಕಡೆ ಬಿಳಿ ಸುಟ್ಟ ಚುಕ್ಕೆ ಬೀಳುತ್ತದೆ. ಮೊದಲೇ ಗಾಯವಾಗಿರುವ ಎಲೆಗೆ ಅದು ಇನ್ನೊಂದು ಏಟು. ಆಮೇಲೆ ಆ ಚುಕ್ಕೆ ರೋಗದ್ದೋ ಔಷಧದ್ದೋ ಅಂತ ನಿಮಗೂ ತಿಳಿಯುವುದಿಲ್ಲ, ಫೋಟೋ ನೋಡುವ ನನಗೂ ತಿಳಿಯುವುದಿಲ್ಲ. ಕ್ವಿಜಾಲೋಫಾಪ್ ಉಳ್ಳಾಗಡ್ಡಿಗೆ ಪೆಟ್ಟು ಕೊಡದೆ ಹುಲ್ಲು ಜಾತಿಯನ್ನು ಮಾತ್ರ ಸಾಯಿಸುತ್ತದೆ. ಅಗಲ ಎಲೆಯ ಕಸಕ್ಕೂ ಜೇಕಿಗೂ ಅದರಿಂದ ಏನೂ ಆಗುವುದಿಲ್ಲ. ಪಕ್ಕದಲ್ಲಿ ಕಬ್ಬು, ಜೋಳ, ಗೋವಿನಜೋಳ ಇದ್ದರೆ ಗಾಳಿಗೆ ಹಾರಿ ಅವನ್ನು ಕೆಡಿಸುತ್ತದೆ, ಅವೂ ಹುಲ್ಲಿನ ಜಾತಿಯವೇ.

ಪಂಪಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಜಮಖಂಡಿ, ಮುಧೋಳ, ಅಥಣಿ ಕಡೆ ಕಬ್ಬಿಗೆ 2,4-ಡಿ ಹೊಡೆದ ಪಂಪನ್ನು ಪಕ್ಕದವರು ಕೇಳಿ ತಂದು ಹತ್ತಿಗೋ ದ್ರಾಕ್ಷಿಗೋ ಹುಳದ ಎಣ್ಣೆ ಹೊಡೆಯುತ್ತಾರೆ. ನಾಲ್ಕೈದು ದಿನಕ್ಕೆ ಹೊಸ ಎಲೆ ಕಿರಿದಾಗಿ, ಸುಕ್ಕಾಗಿ, ನರಗಳು ಒತ್ತೊತ್ತಾಗಿ ಬೀಸಣಿಗೆಯಂತೆ ಬರುತ್ತವೆ. ಅದನ್ನು ರೋಗ ಅಂತ ತಿಳಿದು ಮತ್ತೆ ಎಣ್ಣೆ ತರುತ್ತಾರೆ. 2,4-ಡಿ ಪೈಪಿನಲ್ಲೂ ವಾಷರ್‌ನಲ್ಲೂ ಅಂಟಿಕೊಂಡಿರುತ್ತದೆ, ಬರೀ ನೀರಿಗೆ ಹೋಗುವುದಿಲ್ಲ. ವಾಷಿಂಗ್ ಸೋಡಾ ಕರಗಿಸಿ ರಾತ್ರಿಯಿಡೀ ತುಂಬಿಟ್ಟು, ಮರುದಿನ ಎರಡು ಮೂರು ಸಲ ತೊಳೆದರೆ ಅಪಾಯ ಕಡಿಮೆಯಾಗುತ್ತದೆ. ಕಸದ ಎಣ್ಣೆಗೆ ಬೇರೆ ಪಂಪೇ ಇಡುವುದು ನೆಮ್ಮದಿ. ನಿಮ್ಮ ಪಂಪು ಯಾರದು, ಹಿಂದೆ ಅದರಲ್ಲಿ ಏನು ಹೊಡೆದಿದ್ದರು ಅಂತ ಒಮ್ಮೆ ವಿಚಾರಿಸಿ.

ಹೊಡೆದ ಮೇಲೆ ಗುಣ ನೋಡುವುದರಲ್ಲೂ ಒಂದು ವಿಷಯ ಗಮನದಲ್ಲಿರಲಿ. ಬೆಳ್ಳಗಾದ ಎಲೆ ಮತ್ತೆ ಹಸಿರಾಗುವುದಿಲ್ಲ, ಬಿದ್ದ ನೇರಳೆ ಕಲೆ ಮಾಯುವುದಿಲ್ಲ. ಅವನ್ನು ನೋಡಿ "ಎಣ್ಣೆ ಕೆಲಸ ಮಾಡಲಿಲ್ಲ" ಅಂತ ಮೂರನೇ ಬಾಟಲಿಗೆ ಓಡಬೇಡಿ. ನಾಲ್ಕೈದು ದಿನ ಬಿಟ್ಟು ಮತ್ತೆ ಗಿಡದ ನಡುವೆ ಬಿಡಿಸಿ ನುಸಿ ಎಣಿಸಿ. ಹೊಸದಾಗಿ ಬಂದ ಎರಡು ಎಲೆಗಳ ಮೇಲೆ ಕಲೆ ಇದೆಯೇ ನೋಡಿ. ನುಸಿ ಕಡಿಮೆಯಾಗಿ ಹೊಸ ಎಲೆ ಶುದ್ಧವಾಗಿದ್ದರೆ ಔಷಧ ಕೆಲಸ ಮಾಡಿದೆ. ಮೊಟ್ಟೆ ಎಲೆಯೊಳಗೆ, ಕೋಶ ಮಣ್ಣಿನಲ್ಲಿ ಇರುವುದರಿಂದ ಏಳೆಂಟು ದಿನಕ್ಕೆ ಹೊಸ ನುಸಿ ಏಳಬಹುದು. ಎಣಿಕೆ ಮತ್ತೆ 30ರ ಹತ್ತಿರ ಬಂದರೆ ಇನ್ನೊಂದು ಸಲ ಹೊಡೆಯಬೇಕು, ಆಗಲೂ ಗುಂಪು ಬದಲಿಸಿ. ರೋಗಕ್ಕೆ ಹತ್ತು ದಿನ ಬಿಟ್ಟು ಮ್ಯಾಂಕೊಜೆಬ್ ಹೊಡೆದರೆ ಹೊಸ ಎಲೆ ಉಳಿಯುತ್ತದೆ.

ಇಷ್ಟಾದರೂ ಹೊಸ ಎಲೆಯಲ್ಲಿ ಕಲೆ ಬರುತ್ತಲೇ ಇದ್ದರೆ, ಇಲ್ಲವೇ ಕುತ್ತಿಗೆ ಉದ್ದವಾಗಿ ಎಲೆ ಸುರುಳಿಯಾಗಿ ತಿರುಚಿಕೊಳ್ಳುತ್ತಿದ್ದರೆ, ಬೇರೆಯೇ ಬೂಷ್ಟು ಇರಬಹುದು. ಆಗ ಫೋಟೋ ಸಾಲದು. ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯಕ್ಕೋ ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೋ ಗಿಡವನ್ನೇ ತೆಗೆದುಕೊಂಡು ಹೋಗಿ. ಹೋಗಲು ಆಗದಿದ್ದರೆ ಕಿಸಾನ್ ಕಾಲ್ ಸೆಂಟರ್ 1800-180-1551ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ಗಿಡ ಒಯ್ಯುವುದಾದರೆ ಪೂರ್ತಿ ಸತ್ತದ್ದು ಬೇಡ, ಈಗಷ್ಟೇ ಕಲೆ ಶುರುವಾದ ಮೂರು ನಾಲ್ಕು ಗಿಡಗಳನ್ನು ಬೇರು ಸಮೇತ ಕೀಳಿ. ಹಳೆ ಪೇಪರಿನಲ್ಲಿ ಸುತ್ತಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ಒಳಗೆ ಬೆವತು ಬೇರೆ ಬೂಷ್ಟು ಬೆಳೆದುಬಿಡುತ್ತದೆ, ನೋಡುವವರಿಗೆ ಯಾವುದು ಮೊದಲಿನದು ಅಂತ ಗೊತ್ತಾಗುವುದಿಲ್ಲ. ಇಲ್ಲಿಯವರೆಗೆ ಹೊಡೆದ ಎಣ್ಣೆಗಳ ಬಿಲ್ಲುಗಳನ್ನೂ ಜೊತೆಗೆ ಒಯ್ಯಿರಿ.